ಸೊಪ್ಪಿನ ಬೆವರು

ಡಬಲ್ ಡೋರ್ ಫ್ರಿಜ್‌ನ ತರಕಾರಿ ಟ್ರೇಗೆ ಒಂದು ಪುಟ್ಟ ಪ್ಲಾಸ್ಟಿಕ್ ಸ್ಲೈಡರ್ ಇರುತ್ತದೆ. ಒಂದು ತುದಿಯಲ್ಲಿ ಎಲೆಯ ಚಿತ್ರ, ಇನ್ನೊಂದು ತುದಿಯಲ್ಲಿ ಹಣ್ಣಿನ ಚಿತ್ರ. ಫ್ರಿಜ್ ತಂದಿಟ್ಟ ಹುಡುಗ ಅದನ್ನು ಎಲ್ಲಿ ಬಿಟ್ಟು ಹೋದನೋ ಬಹುತೇಕ ಮನೆಗಳಲ್ಲಿ ಅದು ಅಲ್ಲೇ ಇರುತ್ತದೆ. ಟೊಮೆಟೊಗೋ ಕ್ಯಾರೆಟ್ಟಿಗೋ ಅದರಿಂದ ಅಂಥ ನಷ್ಟವಿಲ್ಲ. ಸೊಪ್ಪಿನ ಮಾತು ಬೇರೆ.

ಸೊಪ್ಪಲ್ಲೂ ಎಲ್ಲಾ ಒಂದೇ ಅಲ್ಲ. ಬೇಳೆಗೆ ಹಾಕಿ ಬೇಯಿಸುವ ಪಾಲಕ್ಕೋ ದಂಟೋ ಒಂದಿಷ್ಟು ಬಾಡಿದ್ದರೆ ಯಾರೂ ಕೇಳುವುದಿಲ್ಲ. ಕುದಿಯುವ ನೀರಿಗೆ ಬಿದ್ದಮೇಲೆ ಹೇಗೂ ಬಾಡುವುದೇ. ಆದರೆ ನಮ್ಮ ಸೀಮೆಯ ರೊಟ್ಟಿ ಊಟದಲ್ಲಿ ತಟ್ಟೆಯ ಪಕ್ಕಕ್ಕೆ ಬರುವ ಹಸಿ ಮೆಂತ್ಯ, ಹಕ್ಕರಿಕೆ, ಈರುಳ್ಳಿ ಸೊಪ್ಪು ಬಾಯಲ್ಲಿ ಕರಕರ ಎನ್ನಬೇಕು. ಕರಕರ ಎನ್ನದ ಮೆಂತ್ಯ ಬರೀ ಕಹಿ. ಹಾಗಾಗಿ ಈ ವಾರ ಒಂದು ಕಟ್ಟು ಮೆಂತ್ಯದ ಲೆಕ್ಕವನ್ನೇ ಹಿಡಿದು ಹೊರಡೋಣ.

ಮೊದಲು ಸ್ಲೈಡರ್ ಏನು ಮಾಡುತ್ತದೆ ಎಂಬುದು. ಅದು ಟ್ರೇಯೊಳಗೆ ತೇವ ತುಂಬುವ ಯಂತ್ರವಲ್ಲ. ಟ್ರೇಗೂ ಫ್ರಿಜ್‌ನ ಉಳಿದ ಜಾಗಕ್ಕೂ ನಡುವೆ ಇರುವ ಸಣ್ಣ ಕಿಂಡಿಯನ್ನು ಅದು ಮುಚ್ಚುತ್ತದೆ ಅಥವಾ ತೆರೆಯುತ್ತದೆ, ಅಷ್ಟೇ. ಎಲೆಯ ಚಿತ್ರದ ಕಡೆ ಸರಿಸಿದರೆ ಕಿಂಡಿ ಮುಚ್ಚಿ ಸೊಪ್ಪು ಬಿಟ್ಟ ಆವಿ ಒಳಗೇ ಉಳಿಯುತ್ತದೆ. ಹಣ್ಣಿನ ಕಡೆ ಸರಿಸಿದರೆ ಆವಿ ಹೊರಗೆ ಹೋಗುತ್ತದೆ. ಟ್ರೇಯಲ್ಲಿರುವ ತೇವವೆಲ್ಲ ಸೊಪ್ಪಿನದೇ, ಫ್ರಿಜ್ ಕೊಟ್ಟದ್ದು ಒಂದು ಹನಿಯೂ ಇಲ್ಲ.

ಕೊಡುವುದಿರಲಿ, ಅದು ಕಿತ್ತುಕೊಳ್ಳುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಗಾಳಿಯನ್ನು ಒಂದು ಫ್ಯಾನು ಸುಮಾರು ಮೈನಸ್ 20 ಡಿಗ್ರಿಯ ಸುರುಳಿಯ ಮೇಲೆ ಹಾಯಿಸುತ್ತದೆ. ಅಷ್ಟು ತಣ್ಣಗಿನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 1 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು. ಮಿಕ್ಕ ತೇವ ಸುರುಳಿಯ ಮೇಲೆ ಮಂಜಾಗಿ ಕೂರುತ್ತದೆ. ಅದೇ ಗಾಳಿ ಕೆಳಗೆ ಬಂದು 4 ಡಿಗ್ರಿಗೆ ಏರಿದಾಗ ಅದಕ್ಕೆ 6 ಗ್ರಾಂಗಿಂತ ಹೆಚ್ಚು ಹಿಡಿಯುವ ಶಕ್ತಿ ಬರುತ್ತದೆ. ಅಂದರೆ ಘನ ಮೀಟರಿಗೆ 5 ಗ್ರಾಂ ನೀರಿನ ಹಸಿವು ಹೊತ್ತ ಗಾಳಿ ನಿಮ್ಮ ಮೆಂತ್ಯದ ಪಕ್ಕ ಸುಳಿಯುತ್ತಿರುತ್ತದೆ.

ಬೇರು ಕತ್ತರಿಸಿದ ಮೆಂತ್ಯದ ಕಟ್ಟು 250 ಗ್ರಾಂ ಇದೆ ಎನ್ನಿ. ಪಾಲಕ್‌ನಂಥ ಎಳೆಯ ಸೊಪ್ಪು ತೂಕದಲ್ಲಿ ನೂರಕ್ಕೆ 3 ಪಾಲು ನೀರು ಕಳೆದುಕೊಂಡರೆ ಸಾಕು, ಬಾಡಿದ್ದು ಕಣ್ಣಿಗೆ ಕಾಣುತ್ತದೆ. ಮೆಂತ್ಯಕ್ಕೂ ಅದೇ ಅಳತೆ ಹಿಡಿದರೆ ಏಳೂವರೆ ಗ್ರಾಂ, ಒಂದೂವರೆ ಚಮಚ ನೀರು. ಟ್ರೇ 20 ಲೀಟರಿನದಾದರೆ ಅದರೊಳಗಿನ ಗಾಳಿ ಒಂದು ಸಲ ಪೂರ್ತಿ ಬದಲಾದಾಗ ಹೋಗುವುದು ಗ್ರಾಮಿನ ಹತ್ತನೇ ಒಂದು ಪಾಲು ಮಾತ್ರ. ಕಿಂಡಿ ತೆರೆದಿದ್ದು, ಅರ್ಧ ಗಂಟೆಗೊಮ್ಮೆ ಗಾಳಿ ಬದಲಾಗುತ್ತಿದ್ದರೆ ಒಂದೂವರೆ ದಿನಕ್ಕೆ ನಿಮ್ಮ ಮೆಂತ್ಯ ತಲೆ ಬಗ್ಗಿಸುತ್ತದೆ. ಫ್ರಿಜ್‌ನಲ್ಲಿ ಬೇರೆ ಪದಾರ್ಥಗಳ ತೇವವೂ ಸೇರುವುದರಿಂದ ಇನ್ನೊಂದು ದಿನ ತಡೆದೀತು. ಕಿಂಡಿ ಮುಚ್ಚಿದ್ದರೆ ಬದಲಾವಣೆ ನಿಧಾನವಾಗಿ, ಅದೇ ಕಟ್ಟು ಐದಾರು ದಿನ ನೆಟ್ಟಗಿರುತ್ತದೆ. ಟ್ರೇಯಲ್ಲಿ ಸೊಪ್ಪು ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದು ಇದೇ ಲೆಕ್ಕದಿಂದ. ನಾಲ್ಕು ಕಟ್ಟಿದ್ದರೆ ಹೋಗುವ ನೀರು ನಾಲ್ಕರ ನಡುವೆ ಹಂಚಿಹೋಗುತ್ತದೆ. ದೊಡ್ಡ ಟ್ರೇಯಲ್ಲಿ ಒಂಟಿ ಕಟ್ಟು ಇಟ್ಟರೆ ಎಲ್ಲ ಸುಂಕವೂ ಅದರ ತಲೆಗೇ.

ಹಾಗಾದರೆ ಮುಚ್ಚಿಬಿಟ್ಟರೆ ಮುಗಿಯಿತೇ ಎಂದರೆ, ಮುಚ್ಚಿದವರ ಮನೆಯಲ್ಲೇ ಸೊಪ್ಪು ಕೊಳೆಯುವುದು. ತೇವದ ಗಾಳಿಯಿಂದಲೇ ಸೊಪ್ಪು ಕೊಳೆಯುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಶೀತಲಗೃಹಗಳಲ್ಲಿ ಸೊಪ್ಪನ್ನು ಇಡುವುದೇ 0 ಡಿಗ್ರಿಯ ಹತ್ತಿರ, ನೂರಕ್ಕೆ 95ರ ಮೇಲಿನ ತೇವದಲ್ಲಿ. ಕೊಳೆಸುವುದು ಎಲೆಯ ಮೇಲೆ ನಿಂತ ಹನಿ. ಜಜ್ಜಿದ ಕಾಂಡ, ಮುರಿದ ಎಲೆಯ ಗಾಯದ ಮೇಲೆ ನೀರಿನ ಪದರ ನಿಂತರೆ ಬ್ಯಾಕ್ಟೀರಿಯಾಗಳು ಅಲ್ಲಿಂದ ಒಳಗಿಳಿದು, ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟ ಪೆಕ್ಟಿನ್ ಕರಗಿಸುತ್ತವೆ. ಲೋಳೆ, ಕಪ್ಪು, ವಾಸನೆ ಎಲ್ಲ ಅದರದೇ ಕೆಲಸ. ಅದು ಯಾವಾಗಲೂ ಕಟ್ಟಿನ ನಡುವಿನಿಂದ, ದಾರ ಬಿಗಿದ ಜಾಗದಿಂದ ಶುರುವಾಗುತ್ತದೆ. ಹೊರಗಿನ ಎಲೆ ಹಸಿರಾಗಿದ್ದು ಒಳಗೆ ಬೆರಳಿಗೆ ಜಾರುವಂತಿದ್ದರೆ ಇದೇ ಕಥೆ.

ಆ ಹನಿ ಬರುವುದೆಲ್ಲಿಂದ? ಅರ್ಧ ಸಂತೆಯಿಂದ. ದಾವಣಗೆರೆಯ ಗಡಿಯಾರ ಕಂಬದ ಸುತ್ತ ಗೋಣಿ ಹಾಸಿ ಸೊಪ್ಪು ಮಾರುವವರಿಗೆ ಏಪ್ರಿಲ್‌ನಲ್ಲಿ ನೀರು ಚಿಮುಕಿಸದೆ ವಿಧಿಯಿಲ್ಲ. “ನೀರು ಹೊಡೀಲಿಲ್ಲ ಅಂದ್ರೆ ಹತ್ತು ಗಂಟೆಗೇ ಮಲಗ್ತಾವಕ್ಕಾ” ಎನ್ನುತ್ತಾರೆ, ಅದು ನಿಜವೇ. ಇನ್ನರ್ಧ ಹನಿ ಫ್ರಿಜ್‌ನಲ್ಲೇ ಹುಟ್ಟುತ್ತದೆ, ಅದರ ಕಾರಣ ಬಿಸಿ. ಬೇಸಿಗೆಯ ಸಂಜೆ ಕೊಂಡ ಕಟ್ಟು 35 ಡಿಗ್ರಿ ಬಿಸಿ ಇರುತ್ತದೆ. ಅದನ್ನು ಹಾಗೇ ಟ್ರೇಗೆ ತುರುಕಿದರೆ 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ಆವಿ ಬಿಡುತ್ತಲೇ ಇರುತ್ತದೆ. 250 ಗ್ರಾಂ ಸೊಪ್ಪು ಬರೀ ಆವಿಯಾಗಿಸುವ ಮೂಲಕವೇ ತಣ್ಣಗಾಗುವುದಾದರೆ 12 ಗ್ರಾಂ ನೀರು ಬೇಕು. ಅದರ ಕಾಲುಭಾಗ ಹೋದರೂ 3 ಗ್ರಾಂ. ಕಿಂಡಿ ಮುಚ್ಚಿದ್ದರೆ ಆ ಆವಿ ಟ್ರೇಯ ಮೇಲಿನ ತಣ್ಣನೆ ಗಾಜಿಗೆ ತಾಗಿ ಬೆವರಾಗಿ, ಮತ್ತೆ ಎಲೆಯ ಮೇಲೇ ತೊಟ್ಟಿಕ್ಕುತ್ತದೆ. ಒಂದೇ ಕಟ್ಟು ಒಂದೇ ರಾತ್ರಿಯಲ್ಲಿ ಬಾಡಿಯೂ ಬಾಡುತ್ತದೆ, ಕೊಳೆಯಲೂ ತೊಡಗುತ್ತದೆ. ಇದನ್ನು ಸ್ಲೈಡರ್ ಅತ್ತಿತ್ತ ಸರಿಸಿ ಸರಿಮಾಡಲು ಆಗದು. ಕಿಂಡಿಯ ವಿಷಯಕ್ಕೆ ಹೋಗುವ ಮೊದಲೇ ಸೊಪ್ಪನ್ನು ತಣ್ಣಗೆ ಮಾಡಬೇಕು, ಆಮೇಲೆ ಒಣಗಿಸಬೇಕು.

ತಣ್ಣಗೆ ಮಾಡುವುದಕ್ಕೆ ನಮ್ಮೂರಿನ ನಲ್ಲಿ ನೀರು ಬೇಸಿಗೆಯಲ್ಲಿ ಪ್ರಯೋಜನಕ್ಕೆ ಬಾರದು. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರಲ್ಲಿ ಸ್ನಾನ ಮಾಡಬಹುದು. ಮಡಕೆ ನೀರು ಒಳ್ಳೆಯದು. ದಾವಣಗೆರೆಯ ಒಣ ಬೇಸಿಗೆಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಟ್ಟಿನ ದಾರ ಬಿಚ್ಚಿ, ಬೇರು ಕತ್ತರಿಸಿ, ಹಳದಿ ಎಲೆ, ಜಜ್ಜಿದ ಕಾಂಡ ತೆಗೆದುಹಾಕಿ, ಉಳಿದದ್ದನ್ನು ಅಗಲ ಪಾತ್ರೆಯ ತಣ್ಣೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಬಿಸಿ ಇಳಿಯುತ್ತದೆ, ಬಾಡಲು ಶುರುವಾಗಿದ್ದ ಎಲೆ ನೀರು ಕುಡಿದು ಎದ್ದು ನಿಲ್ಲುತ್ತದೆ, ಮಣ್ಣು ತಳ ಸೇರುತ್ತದೆ. ತೊಳೆದಿಟ್ಟರೆ ಕೊಳೆಯುತ್ತದೆ ಎಂಬ ಹಿರಿಯರ ಮಾತು ಒಣಗಿಸದೆ ಇಡುವವರಿಗೆ ಅನ್ವಯಿಸುತ್ತದೆ.

ಒಣಗಿಸುವುದಕ್ಕೆ ಹಳೆಯ ಹತ್ತಿ ಪಂಚೆ. ಹತ್ತಿ ಗಿರಣಿಗಳ ಊರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೊಪ್ಪನ್ನು ಅದರಲ್ಲಿ ಸಡಿಲವಾಗಿ ಗಂಟು ಕಟ್ಟಿ ಹಿತ್ತಲಲ್ಲಿ ನಾಲ್ಕು ಸಲ ಬೀಸಿದರೆ ಹೆಚ್ಚಿನ ನೀರೆಲ್ಲ ಹೊರಗೆ. ಆಮೇಲೆ ನೆರಳಲ್ಲಿ ಹರಡಬೇಕು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಹೆಚ್ಚು ಹೊತ್ತು ಬಿಟ್ಟರೆ ಕುಡಿಸಿದ ನೀರೆಲ್ಲ ಮತ್ತೆ ಹೋದೀತು. ಎಲೆಯ ಮೇಲೆ ಹೊಳೆಯುವ ಹನಿ ಮಾಯವಾದ ಕೂಡಲೇ ಎತ್ತಿಕೊಳ್ಳಿ. ಇನ್ನೊಂದು ಒಣ ಬಟ್ಟೆಯಲ್ಲಿ ಸುತ್ತಿ ಟ್ರೇಗೆ ಇಟ್ಟು, ಕಿಂಡಿ ಪೂರ್ತಿ ಮುಚ್ಚಿ. ಬಟ್ಟೆ ಗಾಜಿನ ಬೆವರನ್ನು ಹೀರಿಕೊಂಡು ಹನಿ ಎಲೆಗೆ ಮುಟ್ಟದಂತೆ ನೋಡಿಕೊಳ್ಳುತ್ತದೆ. ಪೇಪರಿನಲ್ಲಿ ಸುತ್ತುವ ರೂಢಿ ಬಿಡಿ. ತಿನ್ನುವ ಪದಾರ್ಥವನ್ನು ಅಚ್ಚಾದ ಪತ್ರಿಕೆಯಲ್ಲಿ ಸುತ್ತಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ, ಶಾಯಿಯ ಕಾರಣಕ್ಕೆ. ಈ ಅಂಕಣ ಅಚ್ಚಾದ ಹಾಳೆಗೂ ವಿನಾಯಿತಿ ಇಲ್ಲ.

ಮರುದಿನ ಬೆಳಿಗ್ಗೆ ಟ್ರೇಯ ಮೇಲಿನ ಗಾಜಿನ ಕೆಳಬದಿಯನ್ನು ಬೆರಳಿಂದ ಸವರಿ ನೋಡಿ. ಹನಿ ಹನಿಯಾಗಿ ನೀರು ನಿಂತಿದ್ದರೆ ಬಟ್ಟೆ ಬದಲಿಸಿ, ಸ್ಲೈಡರನ್ನು ನಡುವಿಗೆ ತನ್ನಿ. ಮಂಜು ಹಿಡಿದಂತೆ ತೆಳುವಾಗಿ ಮಸುಕಾಗಿದ್ದರೆ ಎಲ್ಲ ಸರಿಯಿದೆ. ಪೂರ್ತಿ ಒಣಗಿದ್ದು ಎಲೆಯ ಅಂಚು ಮುದುಡಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ.

ಮಳೆಗಾಲದಲ್ಲಿ ಇದೇ ಕ್ರಮ ಸ್ವಲ್ಪ ಬದಲಾಗುತ್ತದೆ. ಹರಿಹರದಲ್ಲಿ ಹೊಳೆದಂಡೆಯ ಕಡೆ ವಾಸವಾಗಿರುವ ನಮ್ಮ ಅತ್ತಿಗೆಗೆ ಜುಲೈ, ಆಗಸ್ಟಿನಲ್ಲಿ ಸಿಗುವ ಸೊಪ್ಪು ಹೊಲದಿಂದಲೇ ನೆಂದು ಬಂದಿರುತ್ತದೆ, ಮಳೆಹನಿ ಚಿಮ್ಮಿಸಿದ ಮಣ್ಣು ಬುಡಕ್ಕೆ ಮೆತ್ತಿರುತ್ತದೆ. ತಣ್ಣಗೆ ಮಾಡುವ ಅಗತ್ಯ ಅಷ್ಟಿಲ್ಲ, ಕಷ್ಟವೇನಿದ್ದರೂ ಒಣಗಿಸುವುದರಲ್ಲಿ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಹರಡಿಟ್ಟ ಸೊಪ್ಪು ಎರಡು ಗಂಟೆಯಾದರೂ ಆರುವುದಿಲ್ಲ. ಅವರು ಮಾಡುವುದು ಹೀಗೆ: ಬುಡ ಮಾತ್ರ ತೊಳೆದು, ಬಟ್ಟೆಯಲ್ಲಿ ಸುತ್ತಿ, ಮೊದಲ ರಾತ್ರಿ ಸ್ಲೈಡರನ್ನು ಹಣ್ಣಿನ ಕಡೆಗೆ ಇಟ್ಟು ಫ್ರಿಜ್‌ನ ಒಣ ಗಾಳಿಗೇ ಸೊಪ್ಪು ಒಣಗಿಸುವ ಕೆಲಸ ಒಪ್ಪಿಸುತ್ತಾರೆ. ಬೆಳಿಗ್ಗೆ ಬಟ್ಟೆ ಬದಲಿಸಿ ಕಿಂಡಿ ಮುಚ್ಚುತ್ತಾರೆ. ಬಾಡಿಸುವ ಗಾಳಿಯನ್ನೇ ದುಡಿಸಿಕೊಳ್ಳುವ ಈ ಉಪಾಯ ನನ್ನ ತಲೆಗೆ ಹೊಳೆದಿರಲಿಲ್ಲ.

ಸೊಪ್ಪು ಬಾಡದೆ, ಕೊಳೆಯದೆ, ಸುಮ್ಮನೆ ಹಳದಿಯಾದರೆ ಟ್ರೇಯಲ್ಲಿ ಮಾವಿನಹಣ್ಣೋ ಸೇಬೋ ಟೊಮೆಟೊವೋ ಇದೆಯೇ ನೋಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕೊತ್ತಂಬರಿ ಬಹಳ ಬೇಗ ಸೋಲುತ್ತದೆ, ಕಿಂಡಿ ಮುಚ್ಚಿದ ಟ್ರೇಯಲ್ಲಂತೂ ಅನಿಲಕ್ಕೆ ಹೊರದಾರಿಯೇ ಇಲ್ಲ. ಸ್ಲೈಡರಿನ ಹಣ್ಣಿನ ಚಿತ್ರದ ಅರ್ಥ ಇದೇ. ಒಂದೇ ಟ್ರೇ ಇರುವವರು ಅದನ್ನು ಸೊಪ್ಪಿಗೆ ಬಿಟ್ಟು ಹಣ್ಣನ್ನು ಮೇಲಿನ ಹಲಗೆಗೆ ಸಾಗಿಸುವುದು ಲೇಸು.

ನಿಮ್ಮ ಸ್ಲೈಡರ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕೆನಿಸಿದರೆ ಅಡುಗೆಮನೆಯ ತಕ್ಕಡಿ ಸಾಕು. ಒದ್ದೆ ಮಾಡಿ ಹಿಂಡಿದ ಕರವಸ್ತ್ರವನ್ನು ತೂಗಿ, ಖಾಲಿ ಟ್ರೇಯಲ್ಲಿ ಕಿಂಡಿ ಮುಚ್ಚಿ ಒಂದು ದಿನ ಬಿಟ್ಟು ಮತ್ತೆ ತೂಗಿ. ಮರುದಿನ ಅದೇ ಬಟ್ಟೆಯನ್ನು ಅಷ್ಟೇ ತೂಕಕ್ಕೆ ನೆನೆಸಿ ಕಿಂಡಿ ತೆರೆದು ಬಿಡಿ. ಎರಡೂ ದಿನ ಇಳಿದ ತೂಕ ಹೆಚ್ಚುಕಡಿಮೆ ಒಂದೇ ಆದರೆ ಟ್ರೇಯ ಸಂದುಗೊಂದುಗಳೇ ಕಿಂಡಿಗಿಂತ ದೊಡ್ಡವು ಎಂದರ್ಥ; ಅಂಥ ಸ್ಲೈಡರ್ ಶೋಕಿಗೆ. ಆಗ ಮುಚ್ಚಳದ ಡಬ್ಬಿಯೊಂದನ್ನು ಟ್ರೇಯೊಳಗೆ ಇಟ್ಟು, ಬಟ್ಟೆ ಹಾಸಿ, ಸೊಪ್ಪನ್ನು ಅದರಲ್ಲಿಡಿ. ಸ್ಲೈಡರೇ ಇಲ್ಲದ ಸಿಂಗಲ್ ಡೋರ್ ಫ್ರಿಜ್‌ನವರಿಗೂ ಇದೇ ದಾರಿ. ಮುಚ್ಚಳ ಬಿಗಿಯಾದರೆ ಮುಚ್ಚಿದ ಕಿಂಡಿ, ಬೆರಳಗಲ ಸರಿಸಿದರೆ ತೆರೆದ ಕಿಂಡಿ.

ಬಸಳೆಗೆ ಮಾತ್ರ ಇದಾವುದೂ ಬೇಡ. ಬಿಸಿಲು ನಾಡಿನ ಆ ಬಳ್ಳಿಗೆ ಚಳಿಯೇ ಆಗಿಬರುವುದಿಲ್ಲ, ಫ್ರಿಜ್‌ನಲ್ಲಿ ಎಲೆ ಕಪ್ಪಿಡುತ್ತದೆ. ದಂಟಿನ ಬುಡ ನೀರಿನ ಲೋಟದಲ್ಲಿ ಮುಳುಗುವಂತೆ ಅಡುಗೆಕಟ್ಟೆಯ ನೆರಳಿನ ಮೂಲೆಯಲ್ಲಿ ನಿಲ್ಲಿಸಿ, ಎರಡು ದಿನದೊಳಗೆ ಸಾರು ಮಾಡಿಬಿಡಿ.