ಪಂಡಿತನ ಕಿವಿ, ಎಮ್ಮೆಯ ಹಗ್ಗ

ಯಸಳೂರಿನಲ್ಲಿ ಆಷಾಢದ ಮಳೆ ಹಿಡಿದರೆ ಗೊರಬು ಹೊತ್ತು ಗದ್ದೆಗೆ ಹೋದವರು ಸಂಜೆ ಒಲೆ ಮುಂದೆ ಬಂದು ಕೂರುವವರೆಗೆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಕೂತಮೇಲೆ ಅಜ್ಜಿ ಹಲಸಿನ ಬೀಜವನ್ನು ಕೆಂಡದ ಬೂದಿಗೆ ತಳ್ಳಿ ಕಥೆ ತೆಗೆಯುತ್ತಿದ್ದಳು. ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅವಳ ಚೀಲದಲ್ಲಿ ರಾಕ್ಷಸರಿಗಿಂತ ತೆನಾಲಿ ರಾಮಕೃಷ್ಣನೇ ಹೆಚ್ಚು. ಅವನ ಹೆಸರಿನಲ್ಲಿ ನಾವು ನಕ್ಕ ಕಥೆಗಳನ್ನು ಈಗ ಮತ್ತೆ ಓದಿದರೆ, ಜಾಣತನವು ಗರ್ವವನ್ನು ಸೋಲಿಸುತ್ತದೆ ಎಂಬ ಹಳೆಯ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಯಾರ ಗರ್ವ, ಯಾರ ಖರ್ಚಿನಲ್ಲಿ ಎಂದು ಕೇಳಬೇಕಾಗುತ್ತದೆ.

ಮೊದಲು ಈ ಪರಂಪರೆಯ ಅತ್ಯಂತ ಗಟ್ಟಿ ಕಥೆಯನ್ನೇ ತೆಗೆದುಕೊಳ್ಳೋಣ. ವಿಜಯನಗರದ ಆಸ್ಥಾನಕ್ಕೆ ಹೊರಗಿನಿಂದ ಒಬ್ಬ ಮಹಾಪಂಡಿತ ಬರುತ್ತಾನೆ. ತನ್ನೊಡನೆ ವಾದಿಸಿ ಗೆಲ್ಲುವವರು ಇಲ್ಲಿ ಯಾರಿದ್ದಾರೆ ಎಂದು ಸವಾಲು ಹಾಕುತ್ತಾನೆ. ಆಸ್ಥಾನದ ಕವಿಗಳ ನಾಲಿಗೆ ಒಣಗುತ್ತದೆ. ರಾಮಕೃಷ್ಣ ಮರುದಿನ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ಕಟ್ಟನ್ನು ಹಿಡಿದು ಸಭೆಗೆ ಬಂದು, ಇವತ್ತು ತಿಲಕಾಷ್ಠ ಮಹಿಷಬಂಧನದ ಮೇಲೆ ಚರ್ಚೆಯಾಗಲಿ ಎನ್ನುತ್ತಾನೆ. ಪಂಡಿತ ಆ ಹೆಸರನ್ನು ಕೇಳಿಯೇ ಇಲ್ಲ. ಕೇಳಿಲ್ಲ ಎಂದು ಹೇಳಲೂ ಆಗುವುದಿಲ್ಲ. ಒಂದು ರಾತ್ರಿ ಸಮಯ ಬೇಡಿ, ಬೆಳಗಾಗುವುದರೊಳಗೆ ಊರು ಬಿಡುತ್ತಾನೆ. ಆಮೇಲೆ ರಾಜನೆದುರು ಕಟ್ಟು ಬಿಚ್ಚಿದರೆ ಎಳ್ಳಿನ ಒಣ ಕಡ್ಡಿಗಳು, ಅವನ್ನು ಬಿಗಿದ ಎಮ್ಮೆ ಕಟ್ಟುವ ಹಗ್ಗ.

ನಮ್ಮ ಕಡೆ ಮಳೆ ಹೆಚ್ಚು, ಗದ್ದೆ ಮತ್ತು ಕಾಫಿ ಬಿಟ್ಟರೆ ಎಳ್ಳಿನ ಹೊಲ ಕಣ್ಣಿಗೆ ಬೀಳುವುದಿಲ್ಲ. ಎಳ್ಳಿನ ಕಡ್ಡಿ ಹೇಗಿರುತ್ತದೆಂದು ಅಜ್ಜಿ ನಮಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಬಿಡಿಸಿ ಹೇಳಿದ ನಗೆ ಅರ್ಧ ಸತ್ತಂತೆ. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಅವಳ ಭಾರವೆಲ್ಲ ಹಗ್ಗದ ಮೇಲೆ. ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ, ಸಗಣಿ ಮೆತ್ತಿದ ಹಗ್ಗದ ಕಡೆ ಕೈ ತೋರಿಸಿ “ಮ-ಹಿ-ಷ-ಬಂ-ಧ-ನ” ಎಂದು ಎಳೆಯುತ್ತಿದ್ದಳು. ಅವಳು ಸಂಸ್ಕೃತ ಓದಿದವಳಲ್ಲ. ಆ ಆರು ಅಕ್ಷರಗಳನ್ನು ಮಾತ್ರ ಯಾರಿಂದಲೋ ಕೇಳಿ, ಚಿನ್ನದಂತೆ ಕಾಪಾಡಿಕೊಂಡಿದ್ದಳು.

ಈ ಕಥೆಯ ಕುಶಲತೆ ಎಲ್ಲಿದೆ ಎಂಬುದನ್ನು ನಾನು ತಡವಾಗಿ ಕಂಡೆ. ರಾಮಕೃಷ್ಣ ಇಲ್ಲಿ ಒಂದೂ ಸುಳ್ಳು ಹೇಳುವುದಿಲ್ಲ. ತಿಲ ಅಂದರೆ ಎಳ್ಳು, ಕಾಷ್ಠ ಅಂದರೆ ಕಡ್ಡಿ, ಮಹಿಷಬಂಧನ ಅಂದರೆ ಎಮ್ಮೆ ಕಟ್ಟುವುದು. ಕಟ್ಟಿನೊಳಗೆ ಏನಿದೆಯೋ ಅದನ್ನೇ ಸಭೆಯಲ್ಲಿ ಗಟ್ಟಿಯಾಗಿ ಹೇಳಿದ್ದಾನೆ. ಪಂಡಿತನಿಗೆ ಆ ಪದಗಳ ಅರ್ಥ ಆಸ್ಥಾನದ ಯಾವ ಕವಿಗಿಂತಲೂ ಚೆನ್ನಾಗಿ ಗೊತ್ತು. ಆದರೂ ಅವನ ಕಿವಿ ಅದನ್ನು ಅರ್ಥವಾಗಿ ಕೇಳದೆ ಗ್ರಂಥದ ಹೆಸರಾಗಿ ಕೇಳಿತು. ಗೊತ್ತಿಲ್ಲ ಎನ್ನಲಾರದವನಿಗೆ ಗೊತ್ತಿದ್ದದ್ದೂ ಕೈಕೊಟ್ಟಿತು. ಮೋಸವನ್ನೆಲ್ಲ ಪಂಡಿತ ತಾನೇ ತನಗೆ ಮಾಡಿಕೊಂಡ. ರಾಮಕೃಷ್ಣ ಒದಗಿಸಿದ್ದು ರೇಷ್ಮೆ ಬಟ್ಟೆ ಮಾತ್ರ. ಮಕ್ಕಳಿಗೆಂದು ಸರಳಗೊಳಿಸಿ ಅಚ್ಚು ಹಾಕುವ ಪುಸ್ತಕಗಳಲ್ಲಿ ಸಂಸ್ಕೃತ ಹೆಸರನ್ನು ಕೈಬಿಟ್ಟು “ಇಲ್ಲದ ಪುಸ್ತಕ ತೋರಿಸಿ ಹೆದರಿಸಿದ” ಎಂದು ಬರೆದದ್ದನ್ನು ನೋಡಿದ್ದೇನೆ. ಅಲ್ಲಿಗೆ ಕಥೆ ಮುಗಿದಂತೆ. ಉಳಿಯುವುದು ಒಬ್ಬ ಮೋಸಗಾರ, ಕೆಳಗೆ ದಪ್ಪಕ್ಷರದಲ್ಲಿ ನೀತಿ.

ಆದರೆ ಈ ಗೆಲುವಿನ ಲಾಭ ಯಾರಿಗಾಯಿತು? ಸೋತವನು ಪರಸ್ಥಳದವನು. ಗೆದ್ದದ್ದು ಆಸ್ಥಾನದ ಮಾನ. ರಾಜ ನಗುತ್ತಾನೆ, ಹೊನ್ನು ಕೊಡುತ್ತಾನೆ, ಅವನ ಗರ್ವ ಕೂದಲಷ್ಟೂ ಕದಲುವುದಿಲ್ಲ. ಆಸ್ಥಾನದ ಕಥೆಗಳಲ್ಲಿ ಬಹುಪಾಲು ಹೀಗೆಯೇ. ಬೆಕ್ಕಿನ ಕಥೆ ಇನ್ನೂ ಕೆಟ್ಟದ್ದು. ಇಲಿಕಾಟಕ್ಕೆಂದು ರಾಜ ಮನೆಮನೆಗೆ ಬೆಕ್ಕು, ಅದರ ಹಾಲಿಗೆ ಹಸು ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಟ್ಟ ಬೆಕ್ಕು ಇನ್ನು ಹಾಲು ಕಂಡರೆ ಓಡುವಂತೆ ಮಾಡುತ್ತಾನೆ. ಹಾಲು ಮನೆಯವರಿಗೆ ಉಳಿಯಿತು, ರಾಜನ ತಿಳಿಗೇಡಿತನವೂ ಬಯಲಾಯಿತು, ನಿಜ. ಬೆಲೆ ತೆತ್ತದ್ದು ಬೆಕ್ಕು. ಚಿಕ್ಕಂದಿನಲ್ಲಿ ಈ ಕಥೆಗೆ ನನ್ನ ಹೂಂ ನಿಂತುಹೋಗುತ್ತಿತ್ತು.

ಇತಿಹಾಸದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ತೆನಾಲಿ ರಾಮಕೃಷ್ಣ 16ನೇ ಶತಮಾನದ ತೆಲುಗು ಕವಿ, ‘ಪಾಂಡುರಂಗ ಮಾಹಾತ್ಮ್ಯಮು’ ಬರೆದವನು, ಭಕ್ತಿಕಾವ್ಯದವನು. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಕವಿ ಅವನ ನಂತರದವನೆಂಬ ವಾದವೂ ವಿದ್ವಾಂಸರಲ್ಲಿದೆ. ಜನರ ಬಾಯಿಗೆ ಇದರ ಲೆಕ್ಕವಿಲ್ಲ. ಅದಕ್ಕೆ ದೊಡ್ಡ ರಾಜನೊಬ್ಬ ಬೇಕಿತ್ತು, ಅವನ ಪಕ್ಕದಲ್ಲಿ ಒಬ್ಬ ವಿಕಟಕವಿ ಬೇಕಿತ್ತು. ಗಂಭೀರ ಕಾವ್ಯ ಬರೆದ ಒಬ್ಬನನ್ನು ನಗೆಗಾರನನ್ನಾಗಿ ಮಾಡಿ ನಾಲ್ಕುನೂರು ವರ್ಷ ದಾಟಿಸಿದ ಈ ಬಾಯಿಯೂ ಅವನಷ್ಟೇ ತುಂಟ.

ಆಸ್ಥಾನದ ಗೋಡೆ ದಾಟಿದಾಗ ಮಾತ್ರ ಕನ್ನಡದ ಬಾಯಿಕಥೆ ರಾಜನ ಮೈಮುಟ್ಟುತ್ತದೆ. ಎ.ಕೆ. ರಾಮಾನುಜನ್ 1991ರಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಮೂರ್ಖರ ರಾಜ್ಯದ ಕಥೆ ಕನ್ನಡದಿಂದಲೇ ಹೋದದ್ದು. ಅದೇ ಎಳೆಯನ್ನು ಭಾರತೇಂದು ಹರಿಶ್ಚಂದ್ರ 1881ರಲ್ಲಿ ಹಿಂದಿಯಲ್ಲಿ ‘ಅಂಧೇರ್ ನಗರಿ’ ನಾಟಕವಾಗಿಸಿದ್ದ. ಕಥೆಯಲ್ಲಿ ರಾಜ ಮತ್ತು ಮಂತ್ರಿ ಹಗಲನ್ನು ರಾತ್ರಿ, ರಾತ್ರಿಯನ್ನು ಹಗಲು ಎಂದು ಸಾರಿದ್ದಾರೆ. ಏನು ಕೊಂಡರೂ ಒಂದೇ ದುಡ್ಡು. ಗುರು ಈ ಊರು ಬೇಡ ಎಂದು ಹೊರಡುತ್ತಾನೆ. ಶಿಷ್ಯ ಅಗ್ಗದ ಊಟದ ಆಸೆಗೆ ಉಳಿದು ಗೂಳಿಯಂತೆ ಕೊಬ್ಬುತ್ತಾನೆ. ಅಷ್ಟರಲ್ಲಿ ಸಾಹುಕಾರನ ಮನೆಗೆ ಕನ್ನ ಹಾಕುವಾಗ ಗೋಡೆ ಕುಸಿದು ಕಳ್ಳ ಸಾಯುತ್ತಾನೆ, ಅವನ ಕಡೆಯವರು ನ್ಯಾಯಕ್ಕೆ ಬರುತ್ತಾರೆ.

ಮುಂದಿನ ವಿಚಾರಣೆ ಈ ಕಥೆಯ ಜೀವ. ಸಾಹುಕಾರ ಗೋಡೆ ಕಟ್ಟಿದವನನ್ನು ತೋರಿಸುತ್ತಾನೆ. ಅವನು, ಕಟ್ಟುವಾಗ ಗೆಜ್ಜೆ ಸದ್ದು ಮಾಡುತ್ತ ಓಡಾಡಿದ ನರ್ತಕಿಯ ಕಡೆ ಕೈ ಮಾಡುತ್ತಾನೆ. ಅವಳು, ಒಡವೆ ಹೊತ್ತಿಗೆ ಕೊಡದೆ ಓಡಾಡಿಸಿದ ಅಕ್ಕಸಾಲಿಯ ಕಡೆ. ಅಕ್ಕಸಾಲಿ, ಆಗ ತನ್ನಿಂದ ಅವಸರದ ಕೆಲಸ ಮಾಡಿಸಿಕೊಂಡ ಸಾಹುಕಾರನ ಅಪ್ಪನ ಕಡೆ. ಅಪ್ಪ ಸತ್ತಿದ್ದಾನೆ, ಆಸ್ತಿಯಂತೆ ಅಪರಾಧವೂ ಮಗನಿಗೆ ಬಂತು. ಒಂದೊಂದು ಮೆಟ್ಟಿಲಲ್ಲೂ ತರ್ಕ ಸರಿ, ಸುತ್ತು ಹೊಡೆದು ಬಂದದ್ದು ಮಾತ್ರ ಹೊರಟಲ್ಲಿಗೇ. ಕಚೇರಿ ಅಲೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊನೆಗೆ ಶೂಲಕ್ಕೆ ಸಾಹುಕಾರ ತೀರ ತೆಳ್ಳಗಾಗಿ, ಅಳತೆಗೆ ಸರಿಹೊಂದುವ ಶಿಷ್ಯನನ್ನು ಹಿಡಿದು ತರುತ್ತಾರೆ.

ಗುರು ಬಂದು ಮಾಡುವುದು ಸಣ್ಣ ಕೆಲಸ. ಬಿಡಿ ಎಂದು ಬೇಡುವುದಿಲ್ಲ, ನ್ಯಾಯ ತಪ್ಪಿದೆ ಎನ್ನುವುದೂ ಇಲ್ಲ. ನನ್ನನ್ನು ಮೊದಲು ಏರಿಸಿ ಎಂದು ಶಿಷ್ಯನೊಡನೆ ಜಗಳಕ್ಕೆ ನಿಲ್ಲುತ್ತಾನೆ. ರಾಜ ಕಾರಣ ಕೇಳಿದರೆ, ಈ ಶೂಲದಲ್ಲಿ ಮೊದಲು ಸತ್ತವನು ಮುಂದಿನ ಜನ್ಮದಲ್ಲಿ ಇಲ್ಲಿಯ ರಾಜ, ಎರಡನೆಯವನು ಮಂತ್ರಿ ಎನ್ನುತ್ತಾನೆ. ಪಟ್ಟ ಮುಂದಿನ ಜನ್ಮಕ್ಕೂ ತಮ್ಮದೇ ಆಗಬೇಕಲ್ಲ! ರಾಜ, ಮಂತ್ರಿ ರಾತ್ರಿ ವೇಷ ಮರೆಸಿ ಬಂದು ತಾವೇ ಶೂಲವೇರುತ್ತಾರೆ. ತಿಲಕಾಷ್ಠದ ಪಂಡಿತನಂತೆ ಇವರನ್ನೂ ಯಾರೂ ದೂಡಲಿಲ್ಲ. ಆದರೆ ರಾಮಕೃಷ್ಣ ಸತ್ಯ ಹೇಳಿ ಗೆದ್ದಿದ್ದ, ಗುರು ಹಸಿ ಸುಳ್ಳು ಹೇಳಿ ಗೆದ್ದ. ಆ ಸತ್ಯಕ್ಕಿಂತ ಈ ಸುಳ್ಳಿನಲ್ಲೇ ನನಗೆ ಹೆಚ್ಚು ಧೈರ್ಯ ಕಾಣುತ್ತದೆ.

ನಮ್ಮ ಸಕಲೇಶಪುರದವರೇ ಆದ ಎಸ್.ಕೆ. ಕರೀಂಖಾನರು ಊರೂರು ತಿರುಗಿ ಜನಪದ ಗೀತೆಗಳನ್ನು ಉಳಿಸಿದರು. ಹಾಡಿಗೆ ಧಾಟಿಯ ಆಸರೆಯಿದೆ, ಬರೆದುಕೊಂಡರೂ ಬಹುಪಾಲು ಉಳಿಯುತ್ತದೆ. ನಗೆಕಥೆ ಹಾಗಲ್ಲ, ಎಲ್ಲಿ ಎಳೆದರು, ಯಾವ ಗೂಟದ ಕಡೆ ಕೈ ತೋರಿಸಿದರು ಎಂಬುದು ಕಾಗದಕ್ಕೆ ಇಳಿಯುವುದಿಲ್ಲ.

ಮೂರ್ಖರ ರಾಜ್ಯದಲ್ಲಿ ರಾಜ ಸತ್ತಮೇಲೆ ಜನ ಗುರುವನ್ನೇ ರಾಜನಾಗೆಂದು, ಶಿಷ್ಯನನ್ನು ಮಂತ್ರಿಯಾಗೆಂದು ಬೇಡುತ್ತಾರೆ. ಹಳೆ ಕಾನೂನನ್ನೆಲ್ಲ ಬದಲಿಸುವುದಾದರೆ ಸರಿ ಎಂದು ಗುರು ಒಪ್ಪುತ್ತಾನೆ. ಹಗಲು ಹಗಲಾಯಿತು, ರಾತ್ರಿ ರಾತ್ರಿಯಾಯಿತು, ಒಂದು ದುಡ್ಡಿಗೆ ಏನೂ ಸಿಗದಾಯಿತು. ಶಿಷ್ಯನ ಗತಿ ಏನಾಯಿತೆಂದು ನಾವು ಕೇಳಿದರೆ ಅಜ್ಜಿ ಬೂದಿಯಿಂದ ಬೀಜ ಕೆದಕಿ ಸಿಪ್ಪೆ ಸುಲಿಯುತ್ತ, “ಇನ್ನೇನು, ಸೊರಗಿದ” ಎನ್ನುತ್ತಿದ್ದಳು.