‘ಸೂಕ್ತವಾಗಿ ಸರಿಹೊಂದಿಸಲಾಗುವುದು’

ಮುನಿರ್ಕಾದ ವಿದ್ಯುತ್ ಸಾಮಾನಿನ ವಿತರಕರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಏಪ್ರಿಲ್ ಬಂತೆಂದರೆ ಕಂಪನಿಯ ಇಮೇಲ್ ಓದುವ ಕೆಲಸ. ವರ್ಷದ ಖರೀದಿಗೆ ಎಷ್ಟು ರಿಬೇಟ್ ಬಂತು, ಅದು ಹೇಗೆ ಕೈಸೇರುತ್ತದೆ ಎಂದು ತಿಳಿಸುವ ಪತ್ರ ಅದು. ಈ ಸಲದ್ದು ಮಾರಾಟದವರ ವಲಯದಲ್ಲಿ ಮಾದರಿ ಎನಿಸಿಕೊಂಡಿದೆ. ಎಂಟೇ ಸಾಲು, ಧನ್ಯವಾದ, ದಪ್ಪಕ್ಷರದಲ್ಲಿ ಒಂದು ಮೊತ್ತ. ನನಗೆ ಇದು ಕೆಟ್ಟ ಬರಹ.

ಮೊದಲು ಮೊತ್ತ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ತೆರಿಗೆ ಬಿಟ್ಟು ನಮ್ಮ ಖರೀದಿ 1 ಕೋಟಿ 2 ಲಕ್ಷ. 1 ಕೋಟಿ ಮುಟ್ಟಿದರೆ 2%, ಇಲ್ಲದಿದ್ದರೆ 1.5% ಎಂಬುದು ಸ್ಕೀಮ್. ಯಜಮಾನರು 2,04,000 ರೂಪಾಯಿ ಎಣಿಸಿ ಕೂತಿದ್ದರು. ಪತ್ರದಲ್ಲಿದ್ದದ್ದು 1,47,600. ‘ಅರ್ಹ ಖರೀದಿ’ ಎಂಬ ಎರಡು ಪದಗಳ ಮರೆಯಲ್ಲಿ 3.6 ಲಕ್ಷದ ವಾಪಸು ಮಾಲನ್ನು ಕಳೆದಿದ್ದರು, ಉಳಿದದ್ದು 98.4 ಲಕ್ಷ. ಕಳೆದದ್ದು ತಪ್ಪಲ್ಲ, ಸ್ಕೀಮಿನ ಪತ್ರದಲ್ಲೇ ಹಾಗಿದೆ. ಆದರೆ ಕಳೆದಿದ್ದೇವೆ ಎಂದು ಒಂದು ಸಾಲು ಬರೆಯಬೇಡವೆ?

ನನ್ನ ಮುಖ್ಯ ತಕರಾರು ಕೊನೆಯ ವಾಕ್ಯದ ಮೇಲೆ: ‘ಮೊತ್ತವನ್ನು ಕ್ರೆಡಿಟ್ ನೋಟ್ ಮೂಲಕ ಸೂಕ್ತವಾಗಿ ಸರಿಹೊಂದಿಸಲಾಗುವುದು.’ ಯಾವ ಕ್ರೆಡಿಟ್ ನೋಟ್? ಜಿಎಸ್‌ಟಿ ಸೇರಿದ್ದಾದರೆ ಶೇಕಡಾ 18ರಂತೆ 26,568 ಕೂಡಿ ನಮಗೆ 1,74,168 ಜಮೆಯಾಗುತ್ತದೆ. ಆ 26,568ರಷ್ಟು ಹೂಡುವಳಿ ತೆರಿಗೆ ಜಮೆಯನ್ನು ನಾವು ಹಿಂತಿರುಗಿಸುತ್ತೇವೆ. ತೆರಿಗೆಯಿಲ್ಲದ ವಾಣಿಜ್ಯ ನೋಟ್ ಆದರೆ ಬರೀ 1,47,600. ಹಿಂತಿರುಗಿಸುವುದು ಏನೂ ಇಲ್ಲ. ಇದನ್ನು 2025ರ ಸೆಪ್ಟೆಂಬರ್ 12ರ ಜಿಎಸ್‌ಟಿ ಸುತ್ತೋಲೆಯೇ ಸ್ಪಷ್ಟಪಡಿಸಿದೆ. ಎರಡು ದಾರಿಯಲ್ಲೂ ಕೈಯಲ್ಲಿ ಉಳಿಯುವುದು ಒಂದೇ. ಕೆಡುವುದು ದಾರಿ ಗೊತ್ತಿಲ್ಲದಾಗ: ವಾಣಿಜ್ಯ ನೋಟ್ ಕೈಗೆ ಬಂದಿದ್ದರೂ ಹೆದರಿದ ಗುಮಾಸ್ತ ತೆರಿಗೆ ಹಿಂತಿರುಗಿಸಿದರೆ 26,568 ಸುಮ್ಮನೆ ಹೋಯಿತು.

ಆ ವರ್ಷದ ಖರೀದಿಗೆ ತೆರಿಗೆ ತಗ್ಗಿಸುವ ದಾರಿಗೆ ಬೇರೆಯೇ ಕಟ್ಟಳೆಗಳಿದ್ದವು. ಮಾಲು ಬರುವ ಮೊದಲೇ ಒಪ್ಪಂದ ಇರಬೇಕಿತ್ತು, ರಿಯಾಯಿತಿ ಯಾವ ಬಿಲ್ಲುಗಳದ್ದೆಂದು ತೋರಿಸಬೇಕಿತ್ತು. ಈ ಪತ್ರದಲ್ಲಿ ಬಿಲ್ಲುಗಳ ಪಟ್ಟಿಯೂ ಇಲ್ಲ, ಹಿಂದಿನ ಏಪ್ರಿಲ್‌ನ ಸ್ಕೀಮ್ ಪತ್ರದ ಉಲ್ಲೇಖವೂ ಇಲ್ಲ.

‘ವ್ಯಾಪಾರಿಗೆ ಉದ್ದ ಪತ್ರ ಓದಲು ಪುರುಸೊತ್ತಿಲ್ಲ’ ಎನ್ನುತ್ತಾರೆ ಮಾರಾಟ ತರಬೇತಿಯ ಪಂಡಿತರು. ಇವರು ಅಂಗಡಿಯ ಗಲ್ಲಾದ ಹಿಂದೆ ಒಂದು ದಿನವೂ ಕೂತವರಲ್ಲ. ನಮ್ಮ ಯಜಮಾನರು ಹತ್ತು ರೂಪಾಯಿ ವ್ಯತ್ಯಾಸಕ್ಕೆ ಲೆಡ್ಜರಿನ ನಾಲ್ಕು ಪುಟ ಓದುತ್ತಾರೆ. ಪತ್ರ ವಿನಯವಾಗಿದೆ, ಒಪ್ಪುತ್ತೇನೆ; ಆ ವಿನಯ ಲೆಡ್ಜರಿಗೆ ಏರುವುದಿಲ್ಲ.

ಮಾರ್ಚ್ 31ಕ್ಕೆ ಮುಗಿದ ವರ್ಷದ ಪೂರೈಕೆಗೆ ತೆರಿಗೆ ತಗ್ಗಿಸುವ ನೋಟನ್ನು ಕಂಪನಿ ತಡವೆಂದರೆ ಮುಂದಿನ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸಬೇಕು. ಮಾದರಿ ಪತ್ರದಲ್ಲಿ ಒಂದು ತಾರೀಖೂ ಇಲ್ಲ.