ಎಪ್ಪತ್ತೆಂಟು ಕೂಡಿಸುವ ಚಟ

ಹಸ್ತಪ್ರತಿಗಳ ಸೂಚಿಗಳಲ್ಲಿ, ಹಳೆಯ ಕಡತಗಳ ಪಟ್ಟಿಗಳಲ್ಲಿ 'ಕಾಲ' ಎಂಬ ಅಂಕಣ ಇರುತ್ತದೆ. ಅದರಲ್ಲಿ ಒಂದೇ ಒಂದು ಇಸವಿ ಅಚ್ಚುಕಟ್ಟಾಗಿ ಕೂತಿರುತ್ತದೆ. ಆ ಇಸವಿ ಎಲ್ಲಿಂದ ಬಂತು ಎಂದು ಕೆದಕಿದರೆ ಬಹಳ ಸಲ ಸಿಗುವುದು ಒಂದು ಕೂಡಿಕೆ ಲೆಕ್ಕ: ಶಕ ವರ್ಷಕ್ಕೆ 78 ಸೇರಿಸು, ಕ್ರಿಸ್ತಶಕ ಬಂತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಬರೆದಿಟ್ಟಿರುತ್ತಾನೆ. ನಾವು ಅದರಲ್ಲಿ ಒಂದು ಅಂಕಿಯನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ನನ್ನ ತಕರಾರು ಇರುವುದು ಈ ಪದ್ಧತಿಯ ಮೇಲೆ. ಅದು ತಪ್ಪು ಮಾಡುತ್ತದೆ ಎನ್ನುವುದಕ್ಕಿಂತ, ಮಾಡಿದ ತಪ್ಪು ಯಾರಿಗೂ ಕಾಣದಂತೆ ನೋಡಿಕೊಳ್ಳುತ್ತದೆ ಎನ್ನುವುದು ನನಗೆ ಹೆಚ್ಚು ಚಿಂತೆಯ ವಿಷಯ.

ಮಾದರಿಗೆ ಒಂದು ತೇದಿ ಇಟ್ಟುಕೊಳ್ಳೋಣ. ಕಾಗದದ ಮೇಲೆ ಹೀಗಿದೆ: "ಶಾಲಿವಾಹನ ಶಕ ೧೭೨೧ನೆಯ ಸಿದ್ಧಾರ್ಥಿ ಸಂವತ್ಸರದ ಪುಷ್ಯ ಶು ೮ ಲು ಶು". ಮೊದಲನೆಯ 'ಶು' ಶುದ್ಧ, ಅಂದರೆ ಶುಕ್ಲಪಕ್ಷ. ಕೊನೆಯ 'ಶು' ಶುಕ್ರವಾರ. ಹಳೆಯ ಕೈಬರಹ ಓದಿ ರೂಢಿಯಿಲ್ಲದವರು ಎರಡನೆಯದನ್ನು ಕೈತಪ್ಪಿ ಬರೆದದ್ದೆಂದು ಬಿಟ್ಟುಬಿಡುವುದುಂಟು. ಅಲ್ಲಿಗೆ ಲೆಕ್ಕದಿಂದ ಬಂದ ದಿನವನ್ನು ಪರೀಕ್ಷಿಸುವ ಒಂದೇ ಒಂದು ಸಾಧನವೂ ಕೈಬಿಟ್ಟು ಹೋಗುತ್ತದೆ.

ಕೂಡಿಕೆಯ ದಾರಿಯಲ್ಲಿ ಹೋದರೆ 1721ಕ್ಕೆ 78 ಸೇರಿ 1799. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಆ ವರ್ಷದ ಯುಗಾದಿ 1799ರ ಏಪ್ರಿಲ್ ಮೊದಲ ವಾರದಲ್ಲಿ ಬಂತು, ವರ್ಷ ಮುಗಿದದ್ದು 1800ರ ಮಾರ್ಚಿನಲ್ಲಿ. ಪುಷ್ಯ ಮಾಸ ಈ ಎರಡು ಇಸವಿಗಳ ಹೊಸ್ತಿಲ ಮೇಲೆಯೇ ಇದೆ. ಆ ಸಲ ಪುಷ್ಯ ಶುದ್ಧ ಪಂಚಮಿ ಬಿದ್ದದ್ದು 1799ರ ಡಿಸೆಂಬರ್ 31ರ ಮಂಗಳವಾರ, ಷಷ್ಠಿ 1800ರ ಜನವರಿ 1ರ ಬುಧವಾರ. ನಮ್ಮ ಅಷ್ಟಮಿ ಜನವರಿ 3, ಶುಕ್ರವಾರ. ವಾರ ತಾಳೆಯಾಯಿತು. ಕಾಗದದ ತೇದಿ 1800-01-03. ಪಟ್ಟಿಯಲ್ಲಿ 1799 ಎಂದು ಬರೆದವರು ತಪ್ಪಿದ್ದು ಮೂರೇ ದಿನಗಳಲ್ಲಿ, ಆದರೆ ಇಸವಿಯೇ ಬದಲಾಯಿತು. ಶ್ರೀರಂಗಪಟ್ಟಣ ಬಿದ್ದ ವರ್ಷದ ಕಾಗದಗಳು ಬೇಕು ಎಂದು ಕೇಳಿದವರ ಕೈಗೆ ಮುಂದಿನ ವರ್ಷದ್ದೊಂದು ಸಿಗುತ್ತದೆ. ಪುಷ್ಯದ ಬಹುಪಾಲು, ಮಾಘ, ಫಾಲ್ಗುಣಗಳಲ್ಲಿ ಬರೆದ ಎಲ್ಲದಕ್ಕೂ ಕೂಡಬೇಕಾದದ್ದು 79. ಸರಿಸುಮಾರು ವರ್ಷದ ಕಾಲು ಭಾಗ!

ಈಗ ಸಂವತ್ಸರದ ಹೆಸರು ಏನು ಮಾಡುತ್ತದೆ ನೋಡಿ. ಕೈಬರಹದಲ್ಲಿ ಕನ್ನಡದ ೧ ಸ್ವಲ್ಪ ಹೆಚ್ಚು ಸುತ್ತಿಕೊಂಡರೆ ೦ ಆಗುತ್ತದೆ. ೬ ಮತ್ತು ೯ ಒಂದನ್ನೊಂದು ಕನ್ನಡಿಯಲ್ಲಿ ನೋಡಿಕೊಂಡಂತಿವೆ. ಕೊನೆಯ ೧ನ್ನು ಸೊನ್ನೆ ಎಂದು ಓದಿದರೆ ಶಕ 1720. ಆ ವರ್ಷದ ಹೆಸರು ಕಾಳಯುಕ್ತಿ, ಸಿದ್ಧಾರ್ಥಿಯಲ್ಲ. ಓದಿನಲ್ಲಿ ಎಲ್ಲೋ ಎಡವಿದೆ ಎಂದು ಆ ಕ್ಷಣವೇ ತಿಳಿಯುತ್ತದೆ. ೭ನ್ನು ೬ ಎಂದು ಓದಿ ಇಡೀ ಶತಮಾನವನ್ನೇ ಹಿಂದಕ್ಕೆ ತಳ್ಳಿದರೂ ಅಷ್ಟೇ, ಅರವತ್ತರ ಚಕ್ರ ನೂರರ ಜೊತೆ ಹೊಂದುವುದಿಲ್ಲ. ಲಿಪಿಕಾರ ವಾಡಿಕೆಗೆ ಬರೆದ ಹೆಸರು ನಮ್ಮ ಪಾಲಿಗೆ ಕಾವಲು. ಅದನ್ನು ಪಟ್ಟಿಗೆ ಇಳಿಸದೆ ಬಿಡುವುದು ಎಂಥ ಮಿತವ್ಯಯವೋ ನನಗೆ ಅರ್ಥವಾಗಿಲ್ಲ.

ಮನೆತನದ ಕಾಗದಗಳಲ್ಲಿ ಇದರ ತಿರುಗುಮುರುಗು ಸಮಸ್ಯೆ. ಶಕ ವರ್ಷ ಇರುವುದಿಲ್ಲ, "ಸಿದ್ಧಾರ್ಥಿ ಸಂ॥ ಪುಷ್ಯ ಶು ೮ ಶುಕ್ರವಾರ" ಎಂದಷ್ಟೇ. ಬರೆದವನಿಗೂ ಓದುವವನಿಗೂ ಯಾವ ಸಿದ್ಧಾರ್ಥಿ ಎಂದು ಗೊತ್ತಿತ್ತು, ನಮಗಿಲ್ಲ. ಅಕ್ಷರದ ಮೋಡಿ ನೋಡಿ ಹದಿನೆಂಟು ಅಥವಾ ಹತ್ತೊಂಬತ್ತನೆಯ ಶತಮಾನ ಎನ್ನಬಹುದಾದರೆ ಮೂರು ದಿನಗಳು ಸಾಲಿನಲ್ಲಿ ನಿಲ್ಲುತ್ತವೆ: 1740ರ ಜನವರಿ 6 ಬುಧವಾರ, 1800ರ ಜನವರಿ 3 ಶುಕ್ರವಾರ, 1860ರ ಜನವರಿ 1 ಭಾನುವಾರ. ವಾರವೇ ತೀರ್ಪು ಕೊಡುತ್ತದೆ. (1740ರ ಆ ದಿನವನ್ನು ಇಂಗ್ಲಿಷರ ಕಂಪನಿಯ ದಫ್ತರಿನಲ್ಲಿ ಹುಡುಕಿದರೆ 1739ರ ಡಿಸೆಂಬರ್ 26 ಎಂದಿರುತ್ತದೆ. ಅವರು 1752ರವರೆಗೆ ಜೂಲಿಯನ್ ಪಂಚಾಂಗವನ್ನೇ ನಡೆಸುತ್ತಿದ್ದರು.) ವಾರ ಬರೆದಿರದಿದ್ದರೆ ತೀರ್ಪೂ ಇಲ್ಲ. ಆಗ ಮೂರರಲ್ಲಿ ಒಂದನ್ನು ಆರಿಸಿ ಬರೆಯುವುದು ಊಹೆಗೆ ಅಂಕಿಯ ವೇಷ ತೊಡಿಸಿದಂತೆ.

ಕೈಲೆಕ್ಕದ ಕಾಲದವರು ಇದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ರಾಬರ್ಟ್ ಸ್ಯೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 'ದಿ ಇಂಡಿಯನ್ ಕ್ಯಾಲೆಂಡರ್' 1896ರಲ್ಲಿ ಬಂತು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ 'ಆನ್ ಇಂಡಿಯನ್ ಎಫೆಮೆರಿಸ್' ಸಂಪುಟಗಳಲ್ಲಿ ಕ್ರಿ.ಶ. 700ರಿಂದ 1799ರವರೆಗೆ ದಿನದಿನಕ್ಕೂ ತಿಥಿ ಯಾವ ಹೊತ್ತಿಗೆ ಮುಗಿಯುತ್ತದೆಂದು ಕೊಟ್ಟರು. ತಿಥಿ ಮುಗಿಯುವ ಹೊತ್ತು ಕೊಟ್ಟದ್ದೇ ಅವರ ಪುಸ್ತಕದ ಹೆಚ್ಚುಗಾರಿಕೆ. ವ್ಯವಹಾರದಲ್ಲಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಮಧ್ಯಾಹ್ನ ತಿಥಿ ಬದಲಾದ ದಿನ, ಸಂಜೆ ಕೂತು ಬರೆದ ಲಿಪಿಕಾರ ಹೊಸ ತಿಥಿಯನ್ನೇ ನಮೂದಿಸಿದ್ದರೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಮುಗಿಯುವ ಹೊತ್ತು ಕಣ್ಣೆದುರಿಗಿದ್ದರೆ ಆ ಒಂದು ದಿನ ನ್ಯಾಯವಾದದ್ದೋ ಅಲ್ಲವೋ ಹೇಳಬಹುದು. ಈಗ ಮಿಚಿಯೊ ಯಾನೊ ಮತ್ತು ಮಕೊಟೊ ಫುಶಿಮಿ ಸೂರ್ಯಸಿದ್ಧಾಂತದ ಗಣಿತದಿಂದ ಕಟ್ಟಿದ ಪಂಚಾಂಗ ಪ್ರೋಗ್ರಾಂ ಇದೆ. ಗಂಟೆಗಟ್ಟಲೆ ಕೂತು ಕೋಷ್ಟಕ ನೋಡುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

ಆದರೆ ಕಂಪ್ಯೂಟರಿನಲ್ಲಿ 'ಭಾರತೀಯ ಕ್ಯಾಲೆಂಡರ್' ಎಂಬ ಹೆಸರು ಕಂಡಲ್ಲೆಲ್ಲ ನೆಚ್ಚುವಂತಿಲ್ಲ. ಜಾವಾಸ್ಕ್ರಿಪ್ಟಿನ `Intl` ಒಳಗಿರುವ `indian` ಎಂಬುದು 1957ರ ಮಾರ್ಚ್ 22ರಂದು ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ. ಅಲ್ಲೂ ಶಕ ವರ್ಷವೇ, ಅಲ್ಲೂ ಚೈತ್ರ, ಪೌಷ ಎಂಬ ಹೆಸರುಗಳೇ. ಆದರೆ ತಿಂಗಳುಗಳು ಚಂದ್ರನನ್ನು ನೋಡುವುದಿಲ್ಲ. ಪೌಷ ಪ್ರತಿವರ್ಷ ಡಿಸೆಂಬರ್ 22ಕ್ಕೇ ಆರಂಭ. ನಮ್ಮ ಪುಷ್ಯ ಶುದ್ಧ ಅಷ್ಟಮಿಯನ್ನು 'ಪೌಷ 8, 1721' ಎಂದು ಆ ಪಂಚಾಂಗಕ್ಕೆ ಸಲ್ಲಿಸಿದರೆ ಹೊರಬರುವುದು 1799ರ ಡಿಸೆಂಬರ್ 29. ನೋಡಲು ಏನೂ ಕೊರತೆಯಿಲ್ಲ, ಎಚ್ಚರಿಕೆಯ ಕೆಂಪು ಗೆರೆಯಿಲ್ಲ, ಕಾಲಮಾನದ ಆಸುಪಾಸಿನಲ್ಲೇ ಇದೆ. ಅದು ಭಾನುವಾರ ಎಂಬುದೊಂದೇ ಅದನ್ನು ಹಿಡಿದುಕೊಡುವ ಸುಳಿವು. ವಾರವನ್ನು ಮೊದಲೇ ಬಿಟ್ಟವರಿಗೆ ಅದೂ ಇಲ್ಲ.

ಫಸಲಿಯ ಕಥೆಯೂ ಇಂಥದ್ದೇ. ತುಂಗಭದ್ರೆಯ ಆಚೆ ಈಚೆ ಒಂದೇ ಮಾತು, ಎರಡು ವರ್ಷ. ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿ ಫಸಲಿ ಜುಲೈ 1ಕ್ಕೆ ಹುಟ್ಟುತ್ತಿತ್ತು, ನಿಜಾಮರ ರಾಯಚೂರಿನಲ್ಲಿ ಅಕ್ಟೋಬರಿನ ಆಜೂರ್ ತಿಂಗಳಿಗೆ. 1901ರ ಆಗಸ್ಟಿನಲ್ಲಿ ಬಳ್ಳಾರಿಯ ಶಾನುಭೋಗ 1311 ಎಂದು ಬರೆದಾಗ ರಾಯಚೂರಿನವನ ದಫ್ತರಿನಲ್ಲಿ ಇನ್ನೂ 1310. ಊರಿನ ಹೆಸರು ತಿಳಿಯದೆ ಫಸಲಿಯನ್ನು ಇಸವಿಗೆ ತಿರುಗಿಸುವುದು ಆಗದ ಕೆಲಸ.

ಇನ್ನೊಂದು ಕಡೆಗೂ ತಕ್ಕಡಿ ವಾಲಬಾರದು. ವಾರ ತಾಳೆಯಾಗಬೇಕೆಂದು ಹಟ ಹಿಡಿದವರು ತಾಳೆ ಮಾಡಿಯೇ ಬಿಡುತ್ತಾರೆ. ಶಕ ವರ್ಷ ಕಳೆದ ವರ್ಷವಾಗಿರಬಹುದು, ನಡೆಯುವ ವರ್ಷವೂ ಆಗಿರಬಹುದು. ತಿಥಿ ಒಂದು ದಿನ ಆಚೀಚೆ ಇರಬಹುದು. ಬಹುಳ ಪಕ್ಷವಾದರೆ ನಮ್ಮ ಅಮಾಂತ ಮಾಸವೋ, ಉತ್ತರದವರ ಪೂರ್ಣಿಮಾಂತ ಮಾಸವೋ ಎಂಬ ಪ್ರಶ್ನೆಯಿಂದ ಇಡೀ ಒಂದು ತಿಂಗಳು ಅಲ್ಲಾಡುತ್ತದೆ. ಇಷ್ಟೂ ಸಡಿಲಗಳನ್ನು ಒಟ್ಟಿಗೆ ಕೊಟ್ಟರೆ ಏಳು ವಾರಗಳಲ್ಲಿ ಯಾವುದನ್ನು ಬೇಕಾದರೂ ಹೊಂದಿಸಬಹುದು. ಸುಮ್ಮನೆ ಕಣ್ಣುಮುಚ್ಚಿ ಆರಿಸಿದ ದಿನಕ್ಕೂ ಏಳರಲ್ಲಿ ಒಂದು ಪಾಲು ವಾರ ಕೂಡಿಬರುತ್ತದಲ್ಲ. ಅದಕ್ಕೇ ಯಾವ ಸಡಿಲ ಒಪ್ಪಿಗೆ, ಯಾವುದು ಅಲ್ಲ ಎಂಬುದನ್ನು ಲೆಕ್ಕಕ್ಕೆ ಕೂರುವ ಮೊದಲೇ ಬರೆದಿಡಬೇಕು. ಶಾಸನಗಳ ಶಕ ತೇದಿಗಳನ್ನು ಒಂದೊಂದಾಗಿ ಪರಿಶೀಲಿಸಿದ ಫ್ರಾನ್ಸ್ ಕೀಲ್‌ಹಾರ್ನ್ ಈ ಶಿಸ್ತು ಇಟ್ಟುಕೊಂಡಿದ್ದರು. ಹೊಂದದ್ದನ್ನು ಹೊಂದದ್ದೆಂದೇ ಬೇರೆಯಾಗಿ ಪಟ್ಟಿ ಮಾಡಿದರು. ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಸಂಶಯವಿದ್ದ ಇಸವಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಆ ಪುಟ್ಟ ಚಿಹ್ನೆ ಡೇಟಾಬೇಸಿಗೆ ಏರುವಾಗ ಉದುರಿಹೋಗುತ್ತದೆ, ಏಕೆಂದರೆ ಅಂಕಣ ಅಂಕಿಯನ್ನು ಮಾತ್ರ ಒಳಗೆ ಬಿಡುತ್ತದೆ.

ಅಂಕಣ ಹಾಗಿರಬೇಕಾಗಿಲ್ಲ. 2019ರ ISO 8601-2 ಸಂಶಯವನ್ನೂ ಬರೆಯಲು ಕಲಿಸಿದೆ. ಸಂಶಯದ ದಿನಕ್ಕೆ `1800-01-03?`, ವರ್ಷವಷ್ಟೇ ಗೊತ್ತಿದ್ದರೆ `1799-04/1800-03`, ಮೂರರಲ್ಲಿ ಯಾವುದೋ ಒಂದು ಎಂದಾದರೆ `[1740-01-06,1800-01-03,1860-01-01]`. ಎಕ್ಸೆಲ್ ಇದಕ್ಕೆ ತಕ್ಕ ಜಾಗವಲ್ಲ. 1900ಕ್ಕಿಂತ ಹಿಂದಿನ ದಿನವನ್ನು ಅದು ತೇದಿ ಎಂದೇ ಒಪ್ಪದೆ ಬರೀ ಪಠ್ಯವಾಗಿ ಬಿಡುತ್ತದೆ, ಅದೊಂದು ಪುಣ್ಯ. ಆದರೆ ಅಮೆರಿಕದ ಸೆಟ್ಟಿಂಗಿನಲ್ಲಿ 3-1-1920 ಎಂದು ಟೈಪಿಸಿದ ಜನವರಿ ಮೂರು ಮಾರ್ಚ್ ಒಂದಾಗುತ್ತದೆ. 25-1-1920 ಎಂದರೆ ಇಪ್ಪತ್ತೈದನೆಯ ತಿಂಗಳು ಇಲ್ಲದ್ದರಿಂದ ಪಠ್ಯವಾಗಿಯೇ ಉಳಿಯುತ್ತದೆ. ಒಂದೇ ಅಂಕಣದಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಒತ್ತಿ ನಿಂತಿದ್ದರೆ ಈ ಅನಾಹುತ ನಡೆದಿದೆ ಎಂದೇ ಲೆಕ್ಕ.

ನಾನು ಒಪ್ಪುವ ನಮೂದು ಹೀಗಿರುತ್ತದೆ:

```
ಮೂಲ: ಶಕ ೧೭೨೧ ಸಿದ್ಧಾರ್ಥಿ ಪುಷ್ಯ ಶು ೮ ಲು ಶು
ಪಂಚಾಂಗ: ಅಮಾಂತ ಚಾಂದ್ರಮಾನ, ಕಳೆದ ಶಕ
ತೇದಿ: 1800-01-03
ತಾಳೆ: ಸಂವತ್ಸರ ಸರಿ, ವಾರ ಸರಿ
```

ಮೊದಲ ಸಾಲನ್ನು ಕಾಗದದಲ್ಲಿ ಇದ್ದ ಹಾಗೆಯೇ, ಕನ್ನಡದ ಅಂಕಿಗಳಲ್ಲೇ ಇಳಿಸಬೇಕು. ಅಲ್ಲಿ ೧೭೨೧ರ ಬದಲು 1721 ಬರೆದರೂ ಓದಿನ ನಿರ್ಧಾರವೊಂದು ಆಗಲೇ ನಡೆದುಹೋಗಿರುತ್ತದೆ. ಮುಂದೆ ಯಾರಾದರೂ ಕೊನೆಯದು ೧ ಅಲ್ಲ ೦ ಎಂದು ವಾದಿಸಿದರೆ ಮೂರನೆಯ ಸಾಲನ್ನು ಅಳಿಸಿ ಹೊಸದಾಗಿ ಲೆಕ್ಕ ಹಾಕಬಹುದು. ಮೊದಲ ಸಾಲನ್ನೇ ಅಳಿಸಿದ ಪಟ್ಟಿಯಲ್ಲಿ ವಾದಕ್ಕೆ ಕೂರಲು ಜಾಗವೇ ಇರುವುದಿಲ್ಲ. ಓಲೆಗರಿಯ ಕಟ್ಟನ್ನೇ ಮತ್ತೆ ಬಿಚ್ಚಬೇಕು.